ರಾಮಲಕ್ಷ್ಮಮ್ಮ ಡಾಕ್ಟರನ್ನು ಕೇಳಿದ ಪ್ರಶ್ನೆಗಳು

ಹುತ್ತೂರಿನ ರಾಮಲಕ್ಷ್ಮಮ್ಮ ರೇಷ್ಮೆ ಸಾಕುವುದರಲ್ಲಿ ಗಟ್ಟಿಗಿತ್ತಿ. ಹುಳ ಯಾವಾಗ ಪೊರೆ ಬಿಡಲು ಜ್ವರಕ್ಕೆ ಕೂರುತ್ತದೆ, ಯಾವಾಗ ಗೂಡು ಕಟ್ಟುತ್ತದೆ ಎಂದು ಅಕ್ಕಪಕ್ಕದವರು ಅವಳನ್ನೇ ಕೇಳುತ್ತಿದ್ದರು. ಅಂಥವಳು ಕೋಲಾರದ ಆಸ್ಪತ್ರೆಯಲ್ಲಿ ಡಾಕ್ಟರ್ ಶ್ರೀವಾಣಿಯ ಎದುರು ನಿಂತಾಗ ಮಾತು ಮರೆತಳು.

ಪಿಯುಸಿ ಓದುತ್ತಿದ್ದ ಮಗ ಉಮಾಶಂಕರನಿಗೆ ಫಿಟ್ಸ್ ಬಂದಿತ್ತು. ಸ್ಕ್ಯಾನ್ ನೋಡಿದ ಡಾಕ್ಟರ್, "ಮೆದುಳಲ್ಲಿ ಹುಳದ ಮೊಟ್ಟೆಯಿಂದ ಒಂದು ಸಣ್ಣ ಗಂಟಾಗಿದೆಯಮ್ಮ. ಮಾತ್ರೆ ಕೊಟ್ರೆ ಹುಳ ಸಾಯುತ್ತೆ. ಗೊತ್ತಾಯ್ತಾ?" ಎಂದರು. ಹಿಂದೆ ಉದ್ದನೆಯ ಸಾಲು. ರಾಮಲಕ್ಷ್ಮಮ್ಮ ತಲೆಯಾಡಿಸಿದಳು.

ಏನೂ ಗೊತ್ತಾಗಿರಲಿಲ್ಲ. ಅವಳ ಮನೆಯಲ್ಲಿ ಹುಳ ಎಂದರೆ ರೇಷ್ಮೆ ಹುಳ, ಮೊಟ್ಟೆ ಎಂದರೆ ರೇಷ್ಮೆ ಮೊಟ್ಟೆ. ಹುಳ ಸಾಕುವ ತಟ್ಟೆಗಳ ಪಕ್ಕದಲ್ಲೇ ಹಾಸಿಗೆ ಹಾಸಿ ಮಲಗುವ ಮಗನಿಗೆ ತನ್ನಿಂದಲೇ ಇದು ಬಂತೇ? ಹೀಗೆ ಕೇಳಿದರೆ ದಡ್ಡಿ ಎಂದುಕೊಂಡಾರೆಂದು ಬಾಯಿ ಬಿಡಲಿಲ್ಲ. ಊರವರಿಗೆ, "ಬಿಸಿಲಿಗೆ ತಲೆ ತಿರುಗ್ತು ಅಷ್ಟೇ" ಎಂದಳು.

ಹದಿನೈದು ದಿನಕ್ಕೆ ಹುಳದ ಮಾತ್ರೆ ಮುಗಿಯಿತು. ಹುಳ ಸತ್ತ ಮೇಲೆ ಮಾತ್ರೆ ಯಾಕೆ ಎಂದು ಜೊತೆಗೆ ಕೊಟ್ಟಿದ್ದ ಫಿಟ್ಸಿನ ಮಾತ್ರೆಯನ್ನೂ ನಿಲ್ಲಿಸಿದಳು. ಚೀಟಿಯಲ್ಲಿದ್ದುದೆಲ್ಲ ಇಂಗ್ಲಿಷು. ಇಪ್ಪತ್ತು ದಿನ ಕಳೆದಿರಬೇಕು, ಹುಡುಗ ಕಾಲೇಜಿನ ತರಗತಿಯಲ್ಲೇ ಬಿದ್ದು ಒದ್ದಾಡಿದ. ಯಾರೋ ಕೈಗೆ ಬೀಗದ ಕೀ ಹಿಡಿಸಿದರು. ಎದ್ದಾಗ ಪ್ಯಾಂಟು ಒದ್ದೆಯಾಗಿತ್ತು. ಮನೆಗೆ ಬಂದವನು ಗೋಡೆಗೆ ಮುಖ ಮಾಡಿ ಮಲಗಿ, "ಅಮ್ಮ, ನಾನಿನ್ನು ಕಾಲೇಜಿಗೆ ಹೋಗಲ್ಲ" ಎಂದ.

ಮಾತ್ರೆ ನಿಲ್ಲಿಸಿದ್ದು ತಾನೆಂದು ಗಂಡ ಆವಲಪ್ಪನಿಗೂ ಹೇಳಲು ಅವಳಿಗೆ ಮುಖವಿರಲಿಲ್ಲ. ಮಾರನೆಯ ಬೆಳಿಗ್ಗೆ ಉಳಿದಿದ್ದ ಮಾತ್ರೆ ಮಗನಿಗೆ ಕೊಟ್ಟು, ಅವನ ನೋಟ್‌ಬುಕ್ಕಿನಿಂದ ಒಂದು ಹಾಳೆ ಹರಿದುಕೊಂಡಳು. ಏಳನೇ ಕ್ಲಾಸು ಬಿಟ್ಟ ಮೇಲೆ ಅವಳು ಬರೆದ ಮೊದಲ ಕಾಗದ ಅದು.

"ಡಾಕ್ಟ್ರಮ್ಮನವರಿಗೆ ನಮಸ್ಕಾರ. ಅವತ್ತು ಗೊತ್ತಾಯ್ತು ಅಂತ ತಲೆಯಾಡಿಸಿದೆ. ಗೊತ್ತಾಗಿರಲಿಲ್ಲ. ಫಿಟ್ಸಿನ ಮಾತ್ರೆ ನಾನೇ ನಿಲ್ಲಿಸಿದೆ. ಮತ್ತೆ ಬಂತು. ತಪ್ಪು ನಂದು. ನನ್ನ ಮಗನ ಕಾಯಿಲೆ ಹೆಸರೇನು? ರೇಷ್ಮೆ ಹುಳದಿಂದ ಬಂತಾ? ಯಾವ ಮಾತ್ರೆ ಎಷ್ಟು ದಿನ? ಬಿದ್ದಾಗ ನಾವೇನು ಮಾಡಬೇಕು? ದಯವಿಟ್ಟು ಕನ್ನಡದಲ್ಲಿ ಬರೆದುಕೊಡಿ. ಬಾಯಲ್ಲಿ ಹೇಳಿದರೆ ಭಯಕ್ಕೆ ಮರೆತುಹೋಗುತ್ತೆ."

ಆ ದಿನವೇ ಮಗನನ್ನು ಕರೆದುಕೊಂಡು ಕೋಲಾರಕ್ಕೆ ಹೋಗಿ ಕಾಗದವನ್ನು ಡಾಕ್ಟರ ಮೇಜಿನ ಮೇಲಿಟ್ಟಳು. ಶ್ರೀವಾಣಿ ಎರಡು ಸಲ ಓದಿದರು. ರಾಮಲಕ್ಷ್ಮಮ್ಮ ಸೆರಗಿನ ತುದಿಯನ್ನು ಹಿಂಡುತ್ತ ನೆಲ ನೋಡುತ್ತಿದ್ದಳು.

"ಗೊತ್ತಾಯ್ತಾ ಅಂತ ಕೇಳಿ ನಾನು ಮುಂದಿನವ್ರನ್ನ ಕರೆದುಬಿಟ್ಟೆ. ನಂದೂ ತಪ್ಪಿದೆ," ಎಂದರು ಡಾಕ್ಟರ್. ಹುಡುಗನನ್ನು ಪರೀಕ್ಷಿಸಿದರು. ಹೊರಗಿನ ಸಾಲು ಮುಗಿಯುವವರೆಗೆ ಕೂರಿಸಿ, ಆಮೇಲೆ ಎರಡು ಪುಟ ಬರೆದು ಸಹಿ ಹಾಕಿ ಕೊಟ್ಟರು.

"ಕಾಯಿಲೆಯ ಹೆಸರು ನ್ಯೂರೋಸಿಸ್ಟಿಸರ್ಕೋಸಿಸ್. ಇದು ಲಾಡಿಹುಳದ ಮೊಟ್ಟೆಯಿಂದ ಬರುವುದು, ರೇಷ್ಮೆ ಹುಳದಿಂದ ಅಲ್ಲ. ಹೊಟ್ಟೆಯಲ್ಲಿ ಲಾಡಿಹುಳ ಇರುವ ಯಾರದೋ ಮಲದಿಂದ ಆ ಮೊಟ್ಟೆ ನೀರು, ಸೊಪ್ಪು, ಕೈಗೆ ತಗಲಿ ಬಾಯಿಗೆ ಸೇರುತ್ತದೆ. ನಿಮ್ಮ ಮಗನಿಗೆ ಎಲ್ಲಿಂದ ಬಂತೆಂದು ಹೇಳಲಾಗದು. ಮನೆಯವರೆಲ್ಲರ ಮಲ ಪರೀಕ್ಷೆ ಮಾಡಿಸಿ. ಹುಳದ ಮಾತ್ರೆ ಮುಗಿದಿದೆ. ಫಿಟ್ಸಿನ ಮಾತ್ರೆ ಬೇರೆ. ಹುಳ ಸತ್ತರೂ ಮೆದುಳಿನ ಗಂಟು ಕರಗುವವರೆಗೆ ಫಿಟ್ಸ್ ಬರಬಹುದು. ಬೆಳಿಗ್ಗೆ ಒಂದು, ಸಂಜೆ ಒಂದು ಕೊಡಿ. ಆರು ತಿಂಗಳಿಗೆ ಮತ್ತೆ ಸ್ಕ್ಯಾನ್. ನಾನು ಹೇಳದೆ ನಿಲ್ಲಿಸಬೇಡಿ. ಬಿದ್ದರೆ ಪಕ್ಕಕ್ಕೆ ಹೊರಳಿಸಿ. ಬಾಯಿಗೆ ಏನೂ ಹಾಕಬೇಡಿ, ಕೀ ಹಿಡಿಸಬೇಡಿ. ಐದು ನಿಮಿಷ ಮೀರಿದರೆ ಆಸ್ಪತ್ರೆಗೆ ತನ್ನಿ. ಸದ್ಯಕ್ಕೆ ಬೈಕು, ಈಜು ಬೇಡ. ಕಾಲೇಜಿಗೆ ಹೋಗಬಹುದು."

"ಈಗ ನೀವು ನಂಗೆ ಹೇಳಿ," ಎಂದರು ಡಾಕ್ಟರ್. ರಾಮಲಕ್ಷ್ಮಮ್ಮ ತಡವರಿಸುತ್ತ ಹೇಳಿದಳು. ಮಾತ್ರೆಯ ಲೆಕ್ಕ ಒಂದು ಸಲ ತಪ್ಪಿತು. ಡಾಕ್ಟರ್ ತಿದ್ದಿ, ಮತ್ತೆ ಹೇಳಿಸಿದರು.

ಸಂಜೆ ಮನೆಯಲ್ಲಿ ಕಾಗದವನ್ನು ಗಟ್ಟಿಯಾಗಿ ಓದಿದಳು. 'ನಿಲ್ಲಿಸಬೇಡಿ' ಎಂಬಲ್ಲಿಗೆ ಬಂದಾಗ ಕಾಗದ ಕೆಳಗಿಟ್ಟಳು. "ನಿಲ್ಸಿದ್ದು ನಾನೇ ಕಣ್ರೀ," ಎಂದು ಗಂಡನಿಗೆ ಹೇಳಿದಳು.

ಆವಲಪ್ಪ ಕಾಗದದತ್ತ ನೋಡಿದ. "ನಾನೂ ಒಂದಿನ ಆ ಚೀಟಿ ಏನೂಂತ ಕೇಳ್ಲಿಲ್ವಲ್ಲ," ಎಂದ. ಅದು ಅವಳ ನಾಚಿಕೆಯನ್ನೇನೂ ಕಡಿಮೆ ಮಾಡಲಿಲ್ಲ.

ಉಮಾಶಂಕರ ಕಾಗದ ಕೇಳಿ ತೆಗೆದುಕೊಂಡು ತಾನೇ ಓದಿದ. "ಇದನ್ನ ಜೆರಾಕ್ಸ್ ಮಾಡ್ಸಿ ನಮ್ಮ ಸರ್‌ಗೆ ಕೊಡಮ್ಮ. ಕೀ ಹಿಡಿಸ್ಬಾರ್ದು ಅಂತ ಅವ್ರಿಗೂ ಗೊತ್ತಿಲ್ಲ," ಎಂದ.

ಸೋಮವಾರ ತಾಯಿ ಮಗ ಇಬ್ಬರೂ ಜೆರಾಕ್ಸ್ ಹಿಡಿದು ಕಾಲೇಜಿನ ಮೆಟ್ಟಿಲು ಹತ್ತಿದರು. ಹುಡುಗರು ತಿರುಗಿ ನೋಡಿದರು. ರಾಮಲಕ್ಷ್ಮಮ್ಮನ ಕಿವಿ ಬಿಸಿಯಾಯಿತು, ಆದರೂ ನಿಲ್ಲದೆ ಸ್ಟಾಫ್ ರೂಮಿನೊಳಕ್ಕೆ ಹೋದಳು.