ರಾಗಿಗೆ ಕಟ್ಟದ ನೀರು

ಆ ಮಾತನ್ನು ಮೊದಲು ಆಡಿದ್ದು ನಾನೋ ನನ್ನ ಬಾಮೈದನೋ ಎಂಬುದು ಇವತ್ತಿಗೂ ಖಚಿತವಿಲ್ಲ. ನನ್ನ ನೆನಪಿನಲ್ಲಿ ಅದು ನನ್ನದೇ. ಆದರೆ ನನ್ನ ನೆನಪು ನನ್ನ ಪರವಾಗಿಯೇ ಸಾಕ್ಷಿ ಹೇಳುತ್ತದೆ ಎಂಬುದು ನನಗೆ ಗೊತ್ತು. "ಅದು ನನ್ನ ತಮ್ಮ ಹೇಳಿದ್ದು" ಎನ್ನುತ್ತಾಳೆ ಹೆಂಡತಿ. ಅವಳು ಅವನ ಅಕ್ಕ, ಹಾಗಾಗಿ ಆ ಸಾಕ್ಷಿಯನ್ನೂ ನಾನು ಪೂರ್ತಿ ನಂಬುವುದಿಲ್ಲ. ಮಗಳನ್ನು ಕೇಳಿದರೆ, "ಯಾರು ಹೇಳಿದ್ರೇನಪ್ಪ, ಲೆಕ್ಕ ಸರಿಯಾಯ್ತಲ್ಲ" ಎಂದು ಎದ್ದು ಹೋಗುತ್ತಾಳೆ.

ಆಗ ಅವಳು ಎಂಟನೇ ತರಗತಿ. ನಾವಿದ್ದದ್ದು ಊರಿಗಾಂನಲ್ಲಿ, ಹಳೆಯ ಗಣಿ ಕಾರ್ಮಿಕರ ಲೈನಿನ ಒಂದು ಮನೆಯಲ್ಲಿ. ಬೆಳಿಗ್ಗೆ ಇಬ್ಬರೂ ಒಂದೇ ರೈಲಿನಲ್ಲಿ ಬಂಗಾರಪೇಟೆಗೆ ಹೋಗುತ್ತಿದ್ದೆವು, ಅವಳು ಶಾಲೆಗೆ, ನಾನು ಸಂಖ್ಯಾಶಾಸ್ತ್ರ ಪಾಠ ಮಾಡುವ ಕಾಲೇಜಿಗೆ. ಆ ರೈಲಿನಲ್ಲೇ ಅವಳು ಪ್ರಾಜೆಕ್ಟಿನ ಸುದ್ದಿ ತೆಗೆದದ್ದು. ಭತ್ತ, ಕಬ್ಬು, ಕಿರುಧಾನ್ಯ, ಈ ಮೂರರ ನೀರಿನ ಹೆಜ್ಜೆಗುರುತನ್ನು ಹೋಲಿಸಬೇಕು. ಒಂದು ಕೆಜಿ ಬೆಳೆಯಲು ಒಟ್ಟು ಎಷ್ಟು ಲೀಟರ್ ನೀರು ಖರ್ಚಾಗುತ್ತದೆ ಎಂಬ ಲೆಕ್ಕ ಅದು. ನನಗೆ ಒಳಗೊಳಗೇ ಖುಷಿ. ಅವಳ ಶಾಲೆಯ ಕೆಲಸಗಳಲ್ಲಿ ಕೊನೆಗೊಂದು ನನ್ನ ಹೊಲಕ್ಕೆ ಬಂದು ಬಿದ್ದಿತ್ತು.

ಅಂದು ಸಂಜೆಯೇ ಪ್ರಪಂಚದ ಸರಾಸರಿಗಳನ್ನು ಹುಡುಕಿ ಪಟ್ಟಿ ಮಾಡಿಕೊಟ್ಟೆ. ಅಕ್ಕಿಗೆ ಸುಮಾರು ಎರಡೂವರೆ ಸಾವಿರ ಲೀಟರ್. ಕಬ್ಬಿಗೆ ಇನ್ನೂರು ಚಿಲ್ಲರೆ. ಕಿರುಧಾನ್ಯಕ್ಕೆ ನಾಲ್ಕೂವರೆ ಸಾವಿರದ ಹತ್ತಿರ. ಅವಳು ಕಣ್ಣರಳಿಸಿದಳು. "ಅಪ್ಪ, ಎಲ್ಲಾರೂ ರಾಗಿಗೆ ನೀರು ಕಮ್ಮಿ ಅಂತಾರಲ್ಲ?" "ಎಲ್ಲರೂ ಹೇಳ್ತಾರೆ, ಅಂಕಿ ಹೇಳಲ್ಲ" ಎಂದೆ. ಆ ವಾಕ್ಯ ನನಗೆ ಬಹಳ ಹಿಡಿಸಿತ್ತು. ಅವಳಿಗೂ ಹಿಡಿಸಿದಂತಿತ್ತು. ನಾಲ್ಕು ದಿನ ಮಾತ್ರ.

ಭಾನುವಾರ ಹೆಂಡತಿಯ ತವರಿಗೆ ಹೋದೆವು. ಅದು ಕ್ಯಾಸಂಬಳ್ಳಿಯ ಆಚೆಗಿನ ಹಳ್ಳಿ. ಬಾಮೈದ ಅಲ್ಲಿ ಎರಡು ಹಸು, ಟೊಮೇಟೊ, ರಾಗಿ, ಕೆರೆಯ ಕೆಳಗೆ ಒಂದಿಷ್ಟು ಭತ್ತ ಎಂದು ಬದುಕುವವನು. ಸ್ಕೂಟರ್ ನಿಲ್ಲಿಸುವ ಮೊದಲೇ ಮಗಳು ಜಿಗಿದು "ಮಾವಾ" ಎಂದು ಓಡಿದಳು. ನನ್ನ ಹತ್ತಿರ ಅವಳು ಹಾಗೆ ಓಡಿ ಬಂದು ಎಷ್ಟು ವರ್ಷವಾಯಿತೆಂದು ಹೆಲ್ಮೆಟ್ ತೆಗೆಯುತ್ತಾ ಲೆಕ್ಕ ಹಾಕಿದೆ. ಅವಳು ಕೊಟ್ಟ ಪಟ್ಟಿ ಓದಿ ಅವನು ಜಗಲಿಯ ಮೇಲೆ ಕೂತು ನಕ್ಕ.

"ಏನ್ ಬಾವಾ, ನಮ್ ರಾಗೀನ ಕುಡುಕಿ ಮಾಡ್ಬುಟ್ರಲ್ಲ!"

ಮಗಳೂ ನಕ್ಕಳು. ಅವಳು ನಕ್ಕದ್ದು ನನಗೆ ಸೇರಲಿಲ್ಲ.

"ಮಾವ, ನಿಮ್ಮ ರಾಗಿಗೆ ಎಷ್ಟು ನೀರು?"

"ಸೊನ್ನೆ ಅಂತ ಬರ್ಕೊಳಮ್ಮಿ. ರಾಗಿಗೆ ಯಾರು ನೀರು ಕಟ್ತಾರೆ?"

ನಾನು ಮೇಷ್ಟರ ದನಿ ತೆಗೆದೆ. ಮಳೆಯೂ ನೀರೇ, ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಸರಿಯಾಗಿ ಒಂದು ಲೀಟರ್, ಅದರಲ್ಲಿ ಪೈರು ಕುಡಿದದ್ದೂ ನೆಲದಿಂದ ಆರಿದ್ದೂ ಲೆಕ್ಕಕ್ಕೆ ಬರಬೇಕು ಎಂದೆ. ಅವನಿಗೆ ನೀರು ಎಂದರೆ ಕಟ್ಟುವ ನೀರು. ಬೋರಿನದೋ ಕೆರೆಯದೋ, ಕಾಲುವೆ ತಿರುಗಿಸಿ ಹಾಯಿಸಿದ್ದು ಮಾತ್ರ ನೀರು. ಉಳಿದದ್ದು ಮಳೆ. ಒಂದೇ ಪದವನ್ನು ಹಿಡಿದು ಇಬ್ಬರೂ ಎರಡು ಕಡೆ ಎಳೆಯುತ್ತಿದ್ದೆವು.

"ಮಳೇನ ಯಾರಾನಾ ಖರ್ಚು ಅಂತಾರಾ ಬಾವಾ? ರಾಗಿ ಆಕ್ದೆ ಓದ್ರೂ ಅದು ಬೀಳ್ತದೆ."

"ಮಳೆ ಕೈಕೊಟ್ಟ ವರ್ಷ? ಬೋರಿದೆ. ಒಂದೆರಡು ಸಲ ಬಿಟ್ಟಿರಲೇಬೇಕು."

"ಬಿಟ್ಟಿಲ್ಲ."

"ಪುರಾವೆ?"

"ನಾನೇ ಪುರಾವೆ ಬಾವಾ, ಇನ್ನೇನು ಸರ್ಟಿಪಿಕೇಟು ತರ್ಲಾ?"

ಆಮೇಲೆ ಅವನು ಕಬ್ಬಿನ ಸಾಲಿನ ಮೇಲೆ ಬೆರಳಿಟ್ಟ. "ಇನ್ನೂರು ಲೀಟರ್ ಸರಿ. ಆದ್ರೆ ಕಬ್ಬು ಅಂಗೇ ಉಣ್ತೀವಾ? ಅತ್ತು ಕೆಜಿ ಕಬ್ಬು ಅರುದ್ರೆ ಒಂದ್ ಕೆಜಿ ಬೆಲ್ಲ." ಮಗಳು ಹತ್ತರಿಂದ ಗುಣಿಸಿ ಎರಡು ಸಾವಿರ ಎಂದು ಬರೆದಳು. ತಿನ್ನುವ ಬೆಲ್ಲದ ಬದಲು ಹಸಿ ಕಬ್ಬನ್ನು ತೂಗಿದ ತಪ್ಪು ನನ್ನದು. ಎಕರೆಗೆ ಕಬ್ಬು ಬೆಳೆಯುವ ತೂಕದ ಹತ್ತಿರಕ್ಕೂ ರಾಗಿ ಬರುವುದಿಲ್ಲ, ಕೆಜಿಗೆ ಭಾಗಿಸಿದಾಗ ಕಬ್ಬು ಮಿತವ್ಯಯಿಯಂತೆ ಕಾಣುವುದು ಅದಕ್ಕೇ. ಕಬ್ಬು ವರ್ಷವಿಡೀ ನೀರು ಕುಡಿಯುತ್ತದೆ, ರಾಗಿ ನಾಲ್ಕು ತಿಂಗಳಿಗೆ ಮುಗಿಯುತ್ತದೆ. ಪ್ರಪಂಚದ ಬಡ ಹೊಲಗಳ ಕಡಿಮೆ ಇಳುವರಿಯಿಂದ ಬಂದ ಅಂಕಿಯನ್ನು ಇವನ ಹೊಲಕ್ಕೆ ಹೊದಿಸಬಾರದು ಎಂಬುದೂ ನನಗೆ ಗೊತ್ತಿತ್ತು. ಗೊತ್ತಿದ್ದೂ ಬಾಯಿ ಬಿಡಲಿಲ್ಲ. ಬಿಟ್ಟಿದ್ದರೆ ಅವನೇ ಗೆದ್ದಂತಾಗುತ್ತಿತ್ತು.

ಮಧ್ಯಾಹ್ನ ಮಗಳೂ ಅವನೂ ಗದ್ದೆಗೆ ಹೋಗಿ ನಿಂತ ನೀರಿನಲ್ಲಿ ಒಂದು ಸ್ಕೇಲು ನೆಟ್ಟು ಬಂದರು. ದಿನಾ ಅದೇ ಹೊತ್ತಿಗೆ ಅವನು ನೀರಿನ ಮಟ್ಟ ನೋಡಿ ಅವಳಿಗೆ ಫೋನ್ ಮಾಡುತ್ತಿದ್ದ. ಭತ್ತದ ನೀರು ಎಷ್ಟು ಇಳಿದು ನೆಲಕ್ಕೆ ಇಂಗುತ್ತದೆ, ಎಷ್ಟು ಮೇಲಕ್ಕೆ ಆರುತ್ತದೆ ಎಂದು ಇಬ್ಬರೂ ಹರಟುತ್ತಿದ್ದರು. ಫೋನ್ ನನ್ನದು. ಅದು ರಿಂಗಾದ ಕೂಡಲೇ ಅವಳಿಗೆ ಕೊಡುವುದಷ್ಟೇ ನನ್ನ ಕೆಲಸ. ಒಂದು ದಿನ ರೈಲಿನಲ್ಲಿ ಊರಿಗಾಂನಿಂದ ಬಂಗಾರಪೇಟೆ ತಲುಪುವಷ್ಟರಲ್ಲಿ ಅವಳು ಹದಿಮೂರು ಸಲ "ಮಾವ ಹೇಳಿದ್ರು" ಎಂದಳು. ಈ ಸಂಖ್ಯೆಯ ಬಗ್ಗೆ ನನಗೆ ಅನುಮಾನವಿಲ್ಲ, ಟಿಕೆಟ್ ಹಿಂದೆ ಗೀಟು ಹಾಕುತ್ತಾ ಹೋಗಿದ್ದೆ.

ಆ ಮಾತು ಬಂದದ್ದು ಮುಂದಿನ ಭಾನುವಾರ, ಅದೇ ಜಗಲಿಯಲ್ಲಿ. ಎರಡು ಪಟ್ಟಿ ಮುಂದಿಟ್ಟುಕೊಂಡು ಮಗಳು ಅಳುವಂತಾಗಿದ್ದಳು. ನನ್ನದರಲ್ಲಿ ರಾಗಿಗೆ ನಾಲ್ಕೂವರೆ ಸಾವಿರ, ಅವನದರಲ್ಲಿ ಸೊನ್ನೆ. ಆಗ ಯಾರೋ ಹೇಳಿದರು: "ಚಾರ್ಟಿನ ಒಂದೊಂದು ಕಂಬವನ್ನೂ ಎರಡು ಭಾಗ ಮಾಡು. ಕೆಳಗೆ ಮಳೆ, ಮೇಲೆ ಕಟ್ಟಿದ ನೀರು." ಆ ಧ್ವನಿ ನನ್ನದೇ ಎಂದು ನನ್ನ ಕಿವಿ ಹೇಳುತ್ತದೆ. ಆದರೆ "ಕಟ್ಟಿದ ನೀರು" ನಾನು ಬಳಸುವ ಮಾತಲ್ಲ. ನಾನಾಗಿದ್ದರೆ "ನೀರಾವರಿ" ಎನ್ನುತ್ತಿದ್ದೆ.

ಚಾರ್ಟ್ ಹಾಗೆಯೇ ಆಯಿತು. ಮಳೆಗೆ ಹಸಿರು ಬಣ್ಣ, ಕಟ್ಟಿದ ನೀರಿಗೆ ನೀಲಿ. ಭತ್ತದ ಮೇಲೆ ದಪ್ಪ ನೀಲಿ, ಬೆಲ್ಲದ ಮೇಲೂ ನೀಲಿ, ರಾಗಿ ತಲೆಯಿಂದ ಕಾಲಿನವರೆಗೆ ಹಸಿರು. "ನಮ್ಮ ಮಾವನ ಹೊಲ" ಎಂದು ಅದರ ಕೆಳಗೆ ಬರೆದಿದ್ದಳು. ನನ್ನ ಲೀಟರು, ಮಿಲಿಮೀಟರುಗಳು ಎಲ್ಲಾ ಸಾಲಿನಲ್ಲೂ ಇದ್ದವು, ಯಾರ ಹೆಸರೂ ಇಲ್ಲದೆ. ಶಾಲೆಯ ಪ್ರದರ್ಶನದ ದಿನ ತೀರ್ಪುಗಾರರೊಬ್ಬರು, "ರಾಗಿಗೆ ನೀಲಿ ಸೊನ್ನೆ ಅಂತ ಹೇಗೆ ಗೊತ್ತು ಮಗು?" ಎಂದರು. ನಾನು ಪಕ್ಕದಲ್ಲೇ ಇದ್ದೆ. ಅದು ನನ್ನ ಪ್ರಶ್ನೆಯೇ ಆಗಿತ್ತು.

"ಮಾವ ಹೇಳಿದ್ರು ಸರ್" ಎಂದಳು. ತುಸುವೂ ತಡವರಿಸಲಿಲ್ಲ.

ನಾನು ಹೇಳಿದ್ದಕ್ಕೆ ಅವಳು ಯಾವತ್ತೂ ಹಾಗೆ ಜಾಮೀನು ನಿಂತವಳಲ್ಲ. ಎಲ್ಲವನ್ನೂ ಅನುಮಾನಿಸು ಎಂದು ಕಲಿಸಿದ್ದು ನಾನೇ. ಅವಳು ಅನುಮಾನಿಸಿದ್ದು ನನ್ನನ್ನು.

ಚಾರ್ಟನ್ನು ಅವಳು ಮಾವನಿಗೇ ಕೊಟ್ಟಳು. ಅವನ ನಡುಮನೆಯ ಗೋಡೆಯಲ್ಲಿ ಅದು ಈಗಲೂ ಇದೆ, ಹಾಲಿನ ಡೈರಿಯ ಕ್ಯಾಲೆಂಡರಿನ ಪಕ್ಕದಲ್ಲಿ. ಕಳೆದ ಬೇಸಿಗೆಯಲ್ಲಿ ಅದರ ಮುಂದೆ ಕೂತು ಕಾಫಿ ಕುಡಿಯುವಾಗ ಆ ಸೊನ್ನೆ ಮತ್ತೆ ಕಣ್ಣಿಗೆ ಚುಚ್ಚಿತು. ಮನೆಯವರೆಲ್ಲ ಮಲಗಿದ್ದ ಮಧ್ಯಾಹ್ನ, ಯಾರಿಗೂ ಹೇಳದೆ ಹೊಲಕ್ಕೆ ನಡೆದೆ. ಅವನು ಸುಳ್ಳು ಹೇಳಿದ್ದಾನೆಂದು ತೋರಿಸುವ ಒಂದು ತುಂಡು ಪೈಪು ಸಿಕ್ಕರೆ ಸಾಕಿತ್ತು.

ಬೋರಿನ ಪೈಪು ಟೊಮೇಟೊ ತೋಟ ದಾಟಿ ಹಸುವಿನ ಹುಲ್ಲಿನವರೆಗೆ ಹೋಗುತ್ತದೆ. ರಾಗಿ ಹೊಲ ಅದರಾಚೆ, ನನ್ನ ಎದೆಯೆತ್ತರದ ದಿಣ್ಣೆಯ ಮೇಲಿದೆ. ಬದುವಿನ ಸುತ್ತ ಒಂದು ಸುತ್ತು ಬಂದೆ. ಎಲ್ಲೂ ಕಾಲುವೆಯ ಗುರುತಿಲ್ಲ, ಮಡಿ ಕಟ್ಟಿದ ಗುರುತಿಲ್ಲ. ಪೈಪಿನ ಬಾಯಿಯಿಂದ ದಿಣ್ಣೆಯವರೆಗೆ ಹೆಜ್ಜೆ ಹಾಕಿ ಎಣಿಸಿದೆ, ನಂಬದೆ ಇನ್ನೊಮ್ಮೆ ಎಣಿಸಿದೆ. ಎರಡು ಸಲವೂ ನಲವತ್ತೊಂದು. ಪೈಪು ಅಲ್ಲಿಗೆ ಮುಟ್ಟುವುದಿಲ್ಲ.