ಮೂರು ಮನೆಯ ನೀರು

ನನ್ನ ಮಾವನವರು ರಾಮದುರ್ಗದಲ್ಲಿ ಕನ್ನಡ ಮಾಸ್ತರರಾಗಿ ನಿವೃತ್ತರಾದವರು. ನಿವೃತ್ತಿಯ ನಂತರ ಅವರು ಕೈಕೊಂಡ ಏಕೈಕ ಸಾರ್ವಜನಿಕ ಕಾರ್ಯವೆಂದರೆ ದಿನಪತ್ರಿಕೆಯ ಪದಬಂಧವನ್ನು ಬಿಡಿಸುವುದು. ಅದನ್ನು ಅವರು ನ್ಯಾಯಾಧೀಶರು ತೀರ್ಪು ಬರೆಯುವ ಗಾಂಭೀರ್ಯದಿಂದ ಮಾಡುತ್ತಿದ್ದರು. ಕಚ್ಚೆ ಸರಿಪಡಿಸಿಕೊಂಡು, ಕನ್ನಡಕ ಒರೆಸಿಕೊಂಡು, ಪೆನ್ಸಿಲ್ ಕೆತ್ತಿಕೊಂಡು ಕುಳಿತರೆಂದರೆ ಮನೆಯಲ್ಲಿ ಮಿಕ್ಸರ್ ಹಚ್ಚುವಂತಿರಲಿಲ್ಲ.

ನಾನು ಬೈಲಹೊಂಗಲದ ಹತ್ತಿ ಪೇಟೆಯಲ್ಲಿ ಗುಮಾಸ್ತ. ಮದುವೆಯಾದ ಹೊಸದರಲ್ಲಿ ಅಳಿಯನೆಂಬ ಹಮ್ಮಿನಿಂದ ಜೇಬಿನ ಪೆನ್ನು ತೆಗೆದು ಅವರ ಪದಬಂಧಕ್ಕೆ ಕೈ ಹಾಕಿದ್ದೆ. ಸುಳಿವು ‘ತಾವರೆ’, ಮೂರು ಮನೆ, ಕೊನೆಯದು ‘ಜ’. ನಾನು ಠೀವಿಯಿಂದ ‘ಪಂಕಜ’ ಎಂದು ಬರೆದೆ.

“ಏನ್ ಅಳಿಯಾರ, ಪೆನ್ನs ತಗದ್ರಿ? ಭಾರಿ ಧೈರ್ಯ ಬಿಡ್ರಿ ನಿಮ್ದು” ಎಂದರು ಮಾವ. “ನೀರಜ ಯಾಕಾಗಬಾರ್ದು? ಜಲಜ? ವನಜ? ವಾರಿಜ? ಸರೋಜ? ಅಂಬುಜ? ಕೆರಿ ತುಂಬ ಅದಾವ. ಎಲ್ಲಾವೂ ಮೂರs ಮನಿ, ಎಲ್ಲಾದರ ಬಾಲಕ್ಕೂ ಜ.”

“ಮತ್ತ ಹೆಂಗ್ ಗೊತ್ತಾಗಬೇಕ್ರಿ?”

“ಅಡ್ಡ ಸಾಲು ಹೇಳಿದ್ದನ್ನ ಉದ್ದ ಸಾಲು ಒಪ್ಪಬೇಕು. ಅಲ್ಲೀತನಾ ಪೆನ್ಸಿಲ್. ಹಿಡಿಸಿದ್ದೆಲ್ಲಾ ಉತ್ತರ ಅಲ್ಲ.”

ಅಂದು ಉದ್ದ ಸಾಲು ಒಪ್ಪಿದ್ದು ‘ಸರೋಜ’ವನ್ನು. ನನ್ನ ‘ಪಂಕಜ’ ನೀಲಿ ಶಾಯಿಯಲ್ಲಿ ಸಂಜೆಯವರೆಗೂ ಜಗಲಿಯ ಮೇಲೆ ಪ್ರದರ್ಶನಕ್ಕಿತ್ತು. ಆಮೇಲೆ ನಾನೂ ಪೆನ್ಸಿಲ್ಲಿನವನಾದೆ. ಒಂದು ಮನೆಗೆ ಒಂದಕ್ಷರ, ಒತ್ತು ಸೊನ್ನೆಗಳೆಲ್ಲ ಅದರ ಹೊಟ್ಟೆಯಲ್ಲೇ ಎಂಬಷ್ಟು ಲೆಕ್ಕ ತಿಳಿದವನಿಗೆ ಅವರ ಎದುರು ಕೂರಲು ಅಡ್ಡಿಯಿರಲಿಲ್ಲ. ಶಬ್ದ ನಾಲಿಗೆಯ ತುದಿಗೆ ಬಂದು ನಿಂತಾಗ ಮಾವ ಬೆರಳಿನಿಂದ ಹಲಗೆಯ ಮೇಲೆ ಮನೆಗಳನ್ನು ಎಣಿಸಿ ಬಡಿಯುತ್ತಿದ್ದರು. ಟಕ್, ಟಕ್, ಟಕ್. ಮೂರನೆಯ ಟಕ್ಕಿಗೆ ಶಬ್ದ ಬಾಯಿಗೆ ಬರುತ್ತಿತ್ತು.

ತೊಂಬತ್ತರ ದಶಕದ ಕೊನೆಯಲ್ಲಿ ಅವರಿಗೆ ಲಕ್ವ ಹೊಡೆಯಿತು. ಬಲಗೈ ಬಲಗಾಲು ಸೋತವು. ಕೆಲವು ವಾರ ಬೆಳಗಾವಿಯ ದವಾಖಾನೆಯಲ್ಲಿದ್ದು ಮನೆಗೆ ಬಂದರು. ಮಾತು ಬಂದಿತ್ತು, ಆದರೆ ಶಬ್ದಗಳು ಬಂದಿರಲಿಲ್ಲ. ನಾವು ಹೇಳಿದ್ದು ಅವರಿಗೆ ಬಹುತೇಕ ತಿಳಿಯುತ್ತಿತ್ತು. ತಾವು ಹೇಳಬೇಕಾದದ್ದು ಮಾತ್ರ ಸಿಗುತ್ತಿರಲಿಲ್ಲ. ದಿಂಬು ಬೇಕಾದರೆ “ಚಾಪಿ” ಎನ್ನುವರು, ಮಗನನ್ನು “ಅಣ್ಣ” ಎಂದು ಕರೆಯುವರು. ಗುರಿಯ ಪಕ್ಕದ ಮನೆಗೆ ಹೋಗಿ ಬಾಗಿಲು ಬಡಿದಂತೆ. ಒಂದು ಊರಿಗೆಲ್ಲ ಸಮಾನಾರ್ಥಕ ಪದ ಕಲಿಸಿದ ಮನುಷ್ಯ ಹೀಗೆ ಮಂಚದ ಮೇಲೆ ಕೂತಿದ್ದರು.

ಪ್ರತಿ ಶನಿವಾರ ಪೇಟೆಯ ಕೆಲಸ ಮುಗಿಸಿ ನಾನು ಸವದತ್ತಿಯ ಬಸ್ಸು ಹಿಡಿಯುತ್ತಿದ್ದೆ. ಅಲ್ಲಿ ಇಳಿದು ರಾಮದುರ್ಗದ ಬಸ್ಸಿಗೆ ಕಾಯಬೇಕು. ಆ ಬಸ್ಸಿಗೆ ವೇಳಾಪಟ್ಟಿಯೊಂದಿತ್ತು ಎಂದು ನಿಲ್ದಾಣದ ಗೋಡೆಯ ಮೇಲೆ ಬರೆದಿದ್ದರು. ಬಸ್ಸು ಅದನ್ನು ಓದಿರಲಿಲ್ಲ. ಮೈತುಂಬ ಅರಳೆ, ಅದರ ಮೇಲೆ ಧೂಳು ಹೊತ್ತು ನಾನು ಮನೆ ಮುಟ್ಟುವ ಹೊತ್ತಿಗೆ, ಅಲ್ಲಿ ನನಗಿಂತ ದಣಿದವರು ಇರುತ್ತಿದ್ದರು: ನನ್ನ ಅತ್ತೆ.

ಅಂಥ ಒಂದು ಶನಿವಾರ ಅತ್ತೆ ಬಾಗಿಲಲ್ಲೇ ಹೇಳಿದರು: “ಅಳಿಯಾರ, ನಿಮ್ಮ ಮಾವಾರು ಏನೋ ಬೇಡಾಕ ಹತ್ತ್ಯಾರ. ನೀರು, ನೀರು ಅಂತಾರ. ತಂಬಿಗಿ ಒಯ್ದು ಕೊಟ್ರ ದೂಡ್ತಾರ. ನಂಗಂತೂ ಸಾಕಾಗಿ ಹೋಗೇತಿ.”

ಒಳಗೆ ಮಾವ ನನ್ನನ್ನು ಕಂಡೊಡನೆ “ನೀರು” ಎಂದರು. ತಲೆಯಲ್ಲಾಡಿಸಿ, ಅದಲ್ಲ ಎಂಬಂತೆ ಎಡಗೈ ಬೀಸಿದರು. ಮತ್ತೆ “ನೀರು.” ಆಮೇಲೆ ಎಡಗೈ ತೋರುಬೆರಳಿನಿಂದ ಮಂಚದ ಪಟ್ಟಿಯ ಮೇಲೆ ಬಡಿದರು. ಟಕ್, ಟಕ್, ಟಕ್.

ಸುಳಿವು ‘ನೀರು’, ಮೂರು ಮನೆ. ಮಾವ ನನಗೆ ಪದಬಂಧ ಕೊಡುತ್ತಿದ್ದರು.

ತಕ್ಷಣ ಮಂಚದ ಸುತ್ತ ಸಭೆ ಸೇರಿತು. ರಾಮದುರ್ಗದ ಪೇಟೆಯಲ್ಲೇ ಸೀರೆ ಅಂಗಡಿ ಇಟ್ಟಿದ್ದ ನನ್ನ ಹೆಂಡತಿಯ ತಮ್ಮನೂ ಅಂಗಡಿ ಮುಚ್ಚಿ ಬಂದು ಕೂತ. ನಾನು ‘ಉದಕ’ ಎಂದೆ, ‘ಸಲಿಲ’ ಎಂದೆ. ಮಾವ ನನ್ನನ್ನು ದಡ್ಡ ವಿದ್ಯಾರ್ಥಿಯನ್ನು ನೋಡುವಂತೆ ನೋಡಿದರು.

“ಭಾವಾರ, ಸಲಿಲ ಕುಡ್ಯಾಕ ಯಾರರ ಬೇಡತಾರೇನ್ರಿ?” ಎಂದ ತಮ್ಮ. “ಕುಡಿಯೋದು ಹೇಳ್ರಿ. ಪಾನಕ?”

ಮಾವ ಕೈ ಬೀಸಿದರು.

“ಮಜ್ಜಿಗಿ?”

ನಾನು ಬೆರಳು ಮಡಚಿದೆ: ಮ, ಜ್ಜಿ, ಗಿ. ಮೂರು ಮನೆ. ಅತ್ತೆ ಆಗಲೇ ಲೋಟ ತುಂಬಿ ತಂದಿದ್ದರು. ಮಾವ ಒಂದು ಕ್ಷಣ ನಮ್ಮ ಮೂವರ ಮುಖ ನೋಡಿದರು. ಆಮೇಲೆ ಕುಡಿದರು.

“ಕುಡದ್ರು ನೋಡ್ರಿ!” ಎಂದ ತಮ್ಮ, ಫಲಿತಾಂಶ ಘೋಷಿಸುವವನಂತೆ.

ಹೀಗೆ ಮಜ್ಜಿಗೆಯು ಕುಟುಂಬದ ಅಧಿಕೃತ ಉತ್ತರವಾಯಿತು. ಅಂದಿನಿಂದ ಮಾವ “ನೀರು” ಎಂದಾಗಲೆಲ್ಲ ಮಜ್ಜಿಗೆ ಬಂತು. ಬೆಳಿಗ್ಗೆ ಮಜ್ಜಿಗೆ, ಮಧ್ಯಾಹ್ನ ಮಜ್ಜಿಗೆ. ಜೀರಿಗೆ ಹಾಕಿದ್ದು, ಶುಂಠಿ ಹಾಕಿದ್ದು. ಮಾವ ಕೆಲವೊಮ್ಮೆ ಕುಡಿದರು, ಕೆಲವೊಮ್ಮೆ ಕಣ್ಣು ಮುಚ್ಚಿ ಗೋಡೆಯ ಕಡೆ ತಿರುಗಿದರು. ದಿನಗಳು ಹೋದಂತೆ ಗೋಡೆಯ ಕಡೆಯೇ ಹೆಚ್ಚಾಯಿತು. ಊಟ ಇಳಿಯಿತು. ಕೈಕಾಲಿಗೆ ವ್ಯಾಯಾಮ ಮಾಡಿಸಲು ಹೋದರೆ ಮೈ ಬಿಗಿ ಹಿಡಿಯುವರು. ಕಡೆಗೆ “ನೀರು” ಎನ್ನುವುದನ್ನೂ ಬಿಟ್ಟರು.

“ಬೇಡೋದ ಬಿಟ್ಟಾರ್ರಿ” ಎಂದರು ಅತ್ತೆ ಒಂದು ಶನಿವಾರ, ಅಡುಗೆಮನೆಯ ಹೊಸ್ತಿಲಿಗೆ ಒರಗಿ. “ಡಾಕ್ಟರು ಅಂದಾರ, ಮಾತಾಡಸ್ರಿ, ಬಾಯಿ ಮುಚ್ಚಿ ಬಿಟ್ರ ಇನ್ನ ಅಷ್ಟ ಅಂತ. ನಾ ಏನ್ ಮಾತಾಡಸ್ಲಿ? ಮೂವತ್ತು ವರ್ಷ ಅವರ ಮಾತಾಡ್ಯಾರ, ನಾ ಕೇಳೇನಿ.”

ಮರುದಿನ ಭಾನುವಾರ. ಬೇರೇನೂ ತೋಚದೆ ನಾನು ಪೇಪರು ಹಿಡಿದು ಮಂಚದ ಬಳಿ ಕೂತೆ. ಮಾವ ಗೋಡೆಯ ಕಡೆ ಮುಖ ಮಾಡಿದ್ದರು. ಒಳಗೆ ಬಚ್ಚಲಲ್ಲಿ ಹೆಂಡತಿಯ ತಮ್ಮ ಹಂಡೆಯಿಂದ ಮೊಗೆಮೊಗೆದು ಸುರಿದುಕೊಳ್ಳುವ ಸದ್ದು. ನಾನು ಪೆನ್ಸಿಲ್ ತೆಗೆದು, ಯಾರೂ ಕೇಳದ ಪದಬಂಧವನ್ನು ಗಟ್ಟಿಯಾಗಿ ಬಿಡಿಸತೊಡಗಿದೆ. ದಣಿದ ಗುಮಾಸ್ತನಿಗೆ ಅದೂ ಒಂದು ನಮೂನೆಯ ಸೇವೆ ಅನ್ನಿಸಿತ್ತು.

“ಕೋತಿ, ಮೂರು ಮನಿ. ವಾನರ. ಅದರ ‘ವಾ’ದಿಂದ ಕೆಳಗ ತಾವರೆ, ಮೂರು ಮನಿ. ಪಂಕಜ ಬರಂಗಿಲ್ರಿ ಮಾವಾರ, ಈ ಸಲ ವಾರಿಜ.”

ಮಾವ ಹೊರಳಲಿಲ್ಲ.

“ಚಿನ್ನ, ಮೂರು ಮನಿ, ಕೊನೀದು ಕ. ಸುವರ್ಣ ಅಲ್ಲ, ಬಂಗಾರ ಅಲ್ಲ. ಕನಕ.”

ಈಗ ಒಂದು ಅಡ್ಡ ಸಾಲು ಉಳಿದಿತ್ತು. ವಾರಿಜದ ‘ಜ’ ಅದರ ತಲೆಗೆ ಬಂದು ಕೂತಿತ್ತು, ಕನಕದ ಮೊದಲ ‘ಕ’ ಅದರ ಬಾಲಕ್ಕೆ. ನಡುವಿನ ಮನೆಯ ಮೇಲೂ ಕೆಳಗೂ ಕಪ್ಪು ಚೌಕ. ಅದಕ್ಕೆ ಸಾಕ್ಷಿ ಹೇಳುವ ಉದ್ದ ಸಾಲು ಇರಲಿಲ್ಲ. ಸುಳಿವು: ‘ತಂದೆ’. ಉತ್ತರ ನನಗೆ ಗೊತ್ತಿತ್ತು. ಆದರೂ ಕೇಳಿದೆ.

“ಮಾವಾರ, ಮೂರು ಮನಿ. ಮೊದಲನೇದು ಜ. ಕೊನೀದು ಕ. ನಡುವ ಖಾಲಿ. ಜ...”

ಮಂಚ ಕಿರುಗುಟ್ಟಿತು. ಮಾವ ಹೊರಳಿದ್ದರು. ಬಾಯಿ ತೆರೆದು, ನನ್ನ ‘ಜ’ವನ್ನು ತಾವೂ ಹಿಡಿದರು. “ಜ... ಜ...” ಹಣೆಯ ನರ ಉಬ್ಬಿತು. ಆಮೇಲೆ ಇಡೀ ಮನೆಗೆ ಕೇಳುವಂತೆ:

“ಜಳಕ!”

“ಅಲ್ರಿ ಮಾವಾರ,” ಎಂದೆ ನಾನು, ಹಾಳು ಅಭ್ಯಾಸದಿಂದ. “ತಂದೆ ಅಂದ್ರ ಜನ...”

ಟಕ್, ಟಕ್, ಟಕ್. ಬೆರಳು ಮಂಚದ ಪಟ್ಟಿಯನ್ನು ಮುರಿಯುವಂತೆ ಬಡಿಯಿತು. “ಜಳಕ. ಜಳಕ. ಜಳಕ.”

ಅಡುಗೆಮನೆಯಲ್ಲಿ ಪಾತ್ರೆಯೊಂದು ಬಿತ್ತು. ಅತ್ತೆ ಬಾಗಿಲಿಗೆ ಬಂದು ನಿಂತರು, ಕೈಯಲ್ಲಿ ಮಜ್ಜಿಗೆಯ ಕಡಗೋಲು.

“ಅಯ್ಯ ಶಿವನs” ಎಂದರು. “ಇವ್ರಿಗೆ ಜಳಕ ಬೇಕಾಗಿತ್ತ!”

ದವಾಖಾನೆಯಿಂದ ಬಂದಂದಿನಿಂದ ಅವರ ಮೈ ಮೇಲೆ ಒಂದು ತಂಬಿಗೆ ನೀರು ಬಿದ್ದಿರಲಿಲ್ಲ. ಬಚ್ಚಲಿಗೆ ಎರಡು ಮೆಟ್ಟಿಲು ಇಳಿಯಬೇಕು, ಕಲ್ಲು ಜಾರುತ್ತದೆ, ಬಿದ್ದರೆ ಗತಿಯೇನು ಎಂದು ಅತ್ತೆ ದಿನವೂ ಹಸಿ ಬಟ್ಟೆಯಿಂದ ಮೈ ಒರೆಸುತ್ತಿದ್ದರು. ಒರೆಸಿದ ಮೇಲೆ ಮೈ ಚೊಕ್ಕಾಯಿತಲ್ಲ, ಇನ್ನೇನು ಬೇಕು ಎಂದು ನಾವು ಯಾರೂ ಆ ಕಡೆ ಯೋಚಿಸಿಯೇ ಇರಲಿಲ್ಲ. ಜೀವಮಾನವಿಡೀ ನಸುಕಿಗೆ ಎದ್ದು ಹಂಡೆ ಬರಿದು ಮಾಡಿ ವಿಭೂತಿ ಹಚ್ಚಿಕೊಂಡ ಮನುಷ್ಯ, ಮಗ ಸುರಿದುಕೊಳ್ಳುವ ನೀರಿನ ಸದ್ದು ಕೇಳುತ್ತ ಲೋಟಗಟ್ಟಲೆ ಮಜ್ಜಿಗೆ ಕುಡಿದಿದ್ದರು.

ಬಚ್ಚಲಿನಿಂದ ಹೆಂಡತಿಯ ತಮ್ಮ ಒದ್ದೆ ತಲೆಯಲ್ಲೇ ಓಡಿ ಬಂದ. ಜಳಕಕ್ಕೆ ಬಚ್ಚಲೇ ಬೇಕೆಂಬ ಕಾನೂನಿಲ್ಲ ಎಂದು ಅತ್ತೆ ತೀರ್ಮಾನಿಸಿದರು. ಹಿತ್ತಲಿನ ಸಮತಟ್ಟು ಹಾಸುಗಲ್ಲಿನ ಮೇಲೆ ಅಂಗಡಿಯ ಕಬ್ಬಿಣದ ಕುರ್ಚಿ ಬಂತು. ನಾನೊಂದು ಕಡೆ, ಅವನೊಂದು ಕಡೆ ಹಿಡಿದು ಮಾವನವರನ್ನು ಅದರಲ್ಲಿ ಕೂರಿಸುವಷ್ಟರಲ್ಲಿ ನನ್ನ ಸೊಂಟ ಹಿಡಿದುಕೊಂಡಿತು.

“ನೀವ್ ಬಿಡ್ರಿ ಭಾವಾರ, ಅರಳಿ ಮೂಟಿ ಹೊತ್ತಂಗಲ್ಲ ಇದು” ಎಂದ ತಮ್ಮ.

“ಮೂಟಿ ನಾ ಹೊರಂಗಿಲ್ಲಪಾ, ಲೆಕ್ಕ ಬರೀತೇನಿ” ಎಂದೆ.

ಅತ್ತೆ ಬಿಸಿನೀರಿಗೆ ತಣ್ಣೀರು ಬೆರೆಸಿ, ಮೊಣಕೈ ಅದ್ದಿ ನೋಡಿ, ಮೊದಲ ತಂಬಿಗೆಯನ್ನು ತಲೆಯ ಮೇಲೆ ಸುರಿದರು. ಮಾವ ಕಣ್ಣು ಮುಚ್ಚಿದರು. ಎರಡನೆಯ ತಂಬಿಗೆಗೆ ಎಡಗೈಯಿಂದ ತಾವೇ ಎದೆ ತಿಕ್ಕಿಕೊಳ್ಳತೊಡಗಿದರು. ಅತ್ತೆ ಬೆನ್ನಿಗೆ ಸಾಬೂನು ಹಚ್ಚುತ್ತ, “ಇಷ್ಟ ಬೇಕಾಗಿತ್ತಂದ್ರ ಮೊದಲs ಹೇಳಬಾರ್ದೇನ್ರಿ?” ಎಂದು ಗದರಿದರು. ಹೇಳಿದ್ದರು, ಪಾಪ. ಮನೆ ಎಣಿಸಿಯೇ ಹೇಳಿದ್ದರು.

ಅಂದು ಮಾವ ಎರಡು ರೊಟ್ಟಿ ಉಂಡರು. ಹಣೆಗೆ ವಿಭೂತಿ ಹಚ್ಚಿಸಿಕೊಂಡು ದಿಂಬಿಗೆ ಒರಗಿ ಕೂತು, ಪೇಪರಿನತ್ತ ಕೈ ಚಾಚಿದರು. ನಡುವೆ ಖಾಲಿ ಬಿಟ್ಟಿದ್ದ ಆ ಮನೆಯ ಮೇಲೆ ಬೆರಳಿಟ್ಟು ನನ್ನನ್ನು ನೋಡಿದರು. ನಾನು ಪೆನ್ಸಿಲ್ಲಿನಿಂದ ‘ನ’ ಬರೆದೆ. ಅವರು ತಲೆಯಾಡಿಸಿದರು. ಜಳಕವಾದ ಮೇಲೆ ಅವರಿಗೂ ಪತ್ರಿಕೆಯ ಉತ್ತರದ ಬಗ್ಗೆ ತಕರಾರಿರಲಿಲ್ಲ.

ಇದರಿಂದ ಎಲ್ಲ ಶಬ್ದಗಳೂ ತಿರುಗಿ ಬಂದವೆಂದು ಹೇಳಿದರೆ ಸುಳ್ಳಾಗುತ್ತದೆ. ಮೊದಲ ಅಕ್ಷರ ಹಿಡಿದು ಕೊಟ್ಟರೆ ಕೆಲವು ಬರುತ್ತಿದ್ದವು, ಹಲವು ಬರುತ್ತಿರಲಿಲ್ಲ. ಆದರೆ ಬೇಡುವುದನ್ನು ಅವರು ಮತ್ತೆ ಬಿಡಲಿಲ್ಲ. ಮುಂದಿನ ಶನಿವಾರ ನಾನು ಎರಡು ಬಸ್ಸಿನ ಧೂಳು ಹೊತ್ತು ಒಳಗೆ ಕಾಲಿಡುವಾಗಲೇ ಮಂಚದಿಂದ ಕರೆ ಬಂತು: “ನೀರು.”

ಚಪ್ಪಲಿ ಬಿಚ್ಚುತ್ತ ಕೇಳಿದೆ: “ಎಷ್ಟು ಮನಿ, ಮಾವಾರ?”

ಟಕ್, ಟಕ್.

“ಚಹಾ ಇರಬೇಕ್ರಿ” ಎಂದರು ಅತ್ತೆ ಒಳಗಿನಿಂದ, ಪಾತ್ರೆ ಒಲೆಗೆ ಇಡುತ್ತ.

“ಹಾಲೂ ಇರಬಹುದ್ರಿ” ಎಂದು, ನಾನು ಮಂಚದ ಅಂಚಿಗೆ ಕೂತು ಜೇಬಿನಲ್ಲಿ ಪೆನ್ಸಿಲ್ ಹುಡುಕಿದೆ.