ಹಲ್ಲಾಗ ಕಡದ ಹೆಸರುಕಾಳು

ಓದೋ ಎಲ್ಲಾರಿಗೂ ಶರಣ್ರಿ. ನಾನು ಸಾಲಿ ಕಲತದ್ದು ಬಾಳ ತಡಾ ಮಾಡಿ, ಮೀಸಿ ಬಂದಮ್ಯಾಲ. ಒಂದೊಂದು ಅಕ್ಷರ ಹುಡುಕಿ ಟೈಪ್ ಮಾಡೇನಿ, ತಪ್ಪಿದ್ರ ಹೊಟ್ಯಾಗ ಹಾಕ್ಕೋರಿ.

ಕಾಳಿನ್ಯಾಗ ಹಸಿ ಎಷ್ಟೈತಿ ಅಂತ ತೋರಸೋ ಮಷಿನ್ ಮಾರೋ ಗದಗಿನ ಅಂಗಡ್ಯಾಗ ನಂದು ಕೆಲಸ. ಮೊದಲು ಅಲ್ಲೇ ಪೆಟಗಿ ಹೊರತಿದ್ದೆ. ನನ್ನ ಮಾರಾಟದ ಕೆಲಸಕ್ಕ ಹಾಕಿದಮ್ಯಾಲ ಹ್ವಾದಲ್ಲೆಲ್ಲಾ ಬರಿಗೈಲೆ ಬಂದೆ. ಕಡೀಕ ಮಾಲಕರು, "ಕಾಳು ಖರೀದಿ ಮಾಡೋ ಮುಂಡರಗಿ ರೈತರ ಕಂಪನ್ಯಾಗ ಮೀಟಿಂಗ್ ಐತಿ. ಇದೂ ಆಗಲಿಲ್ಲಂದ್ರ ಮತ್ತ ಪೆಟಗಿ ಹೊರಾಕ ನಡಿಯಪಾ," ಅಂದ್ರು.

ಗೋಡೌನಿನ ಮ್ಯಾಲ ಮೀಟಿಂಗ್ ರೂಮು. ಉದ್ದನ ಟೇಬಲ್ಲಿನ ಸುತ್ತ ಡೈರೆಕ್ಟರು ಕುಂತಿದ್ರು, ಎಲ್ಲಾರೂ ರೈತರೇ. ನಾನು ಬಾಯಿಪಾಠ ಮಾಡಿದ್ದು ಶುರು ಮಾಡಿದೆ: ಬ್ಯಾಟರಿ, ವಾರಂಟಿ, ಸ್ಕ್ರೀನು. ಅಧ್ಯಕ್ಷರು ಆಕಳಿಸಿದ್ರು.

"ತಮ್ಮಾ, ನಮ್ಮ ಮಷಿನ್ ಬಾಯಾಗ ಐತಿ. ಕಾಳು ಕಡದ್ರ ಕಟ್ ಅಂತಂದ್ರ ಒಣಗೇತಿ, ಚಪ್ಪಟಿ ಆದ್ರ ಹಸಿ ಐತಿ. ಇದಕ್ಕ ಬ್ಯಾಟರೀನೂ ಬ್ಯಾಡ."

ಎಲ್ಲಾರೂ ನಕ್ಕರು. ಬೆವತು ಅಂಗಿ ಬೆನ್ನಿಗೆ ಹತ್ತಿತು. ಪಾಠ ಪೂರ್ತಿ ಮರತಹೋತು. ಬಾಯಿಗೆ ಬಂದದ್ದು ಕೇಳಿದೆ: "ಹಂಗಾರ ಖರೀದಿಯೊಳಗ ನಿಮಗ ತ್ರಾಸೇನೈತ್ರಿ?"

"ಜಗಳ," ಅಂದ್ರು ಸೆಕ್ರೆಟರಿ. "ಹಸಿ ಐತಿ ಅಂತ ರೇಟ್ ಇಳಸಿದ್ರ ರೈತ ನಮ್ಮನ್ನ ನಂಬಂಗಿಲ್ಲ. ಚೀಲ ಎತ್ತಕೊಂಡು ಬ್ಯಾರೆ ಕಡೆ ಹೋಗತಾನ."

ಕೆಳಗಿಂದ ಹೆಸರುಕಾಳು ತರಿಸಿದೆ. ಒಂದೇ ಬೊಗಸಿಯಿಂದ ಅಧ್ಯಕ್ಷರಿಗೆ, ಅವರ ಮಗ್ಗಲದ ಹಿರೇರಿಗೆ ನಾಕ ಕಾಳು ಕೊಟ್ಟೆ.

"ಒಣಗೇತಿ," ಅಂದ್ರು ಅಧ್ಯಕ್ಷರು.

"ಎಲ್ಲಿ ಒಣಗೇತಲೇ? ಇನ್ನೂ ಮೆತ್ತಗೈತಿ," ಅಂದ್ರು ಹಿರೇರು.

"ನಿನಗ ಕಡ್ಯಾಕ ಹಲ್ಲರ ಎಲ್ಲಿ ಉಳದಾವು!" ಅಂದ್ರು ಅಧ್ಯಕ್ಷರು.

ನಗಿ ನಿಂತಮ್ಯಾಲ ಹೇಳಿದೆ: "ನಿಮ್ಮ ಹಲ್ಲು ಸುಳ್ಳು ಅನ್ನಾಂಗಿಲ್ರಿ. ಆದ್ರ ನಿಮ್ಮಿಬ್ಬರಿಗೇ ಹೊಂದಲಿಲ್ಲ, ರೈತ ಯಾರ ಹಲ್ಲು ನಂಬಬೇಕು? ಮಷಿನ್ನಿನ ಮುಖ ಅವನ ಕಡೆ ಮಾಡಿ ಇಡ್ರಿ. ಚೀಲದ ಮ್ಯಾಲಿಂದ, ನಡುವಿಂದ, ತಳದಿಂದ ಕಾಳು ತಗದು ಕೂಡಿಸಿ ಅವನ ಎದರಿಗೇ ಹಾಕ್ರಿ. ನಂಬರ್ ಅವನೇ ಓದಲಿ."

ಮಷಿನ್ನಿನ್ಯಾಗ ಹೆಸರುಕಾಳು ಅಂತ ಆರಿಸಿ ಕಾಳು ಸುರವಿದೆ. ಅಧ್ಯಕ್ಷರು ಎದ್ದು ಅದರ ಮುಖ ಹಿರೇರ ಕಡೆ ತಿರುವಿದ್ರು. "ಚಾಳೀಸ ಕಣ್ಣಿಗೆ ಹಾಕ್ಕೊಂಡು ಓದಪಾ."

ಹಿರೇರು ಓದಿದ್ರು. ಅದೇ ಕಾಳು ತಗದು ಮತ್ತ ಹಾಕಿಸಿದ್ರು. ಎರಡೂ ಸರತಿ ನಂಬರಿನ್ಯಾಗ ಕೂದಲೆಳಿಯಷ್ಟು ಫರಕು, ಅಷ್ಟೇ.

"ಇನ್ನ ನನಗೂ ಇಂವಗೂ ಜಗಳಿಲ್ಲ," ಅಂದ್ರು ಅಧ್ಯಕ್ಷರು. "ಖರೀದಿ ಮಾಡೋ ಊರಿಗೊಂದರಂಗ ಮಷಿನ್ ಕಳಸ್ರಿ."

ಮೆಟ್ಟಲ ಇಳಿದು ಕಡೀ ಪಾವಟಿಗಿ ಮ್ಯಾಲೇ ಕುಂತೆ. ಮಾಲಕರಿಗೆ ಫೋನ್ ಹಚ್ಚಿ ಹೇಳಿದೆ. ಅವರು, "ಪೆಟಗಿ ಹೊರಾಕ ಇನ್ನ ಬ್ಯಾರೆ ಯಾರನ್ನರ ನೋಡಬೇಕಾತು," ಅಂದ್ರು. ಆವಾಗ ಹ್ವಾದ ಉಸಿರು ಹೊಳ್ಳಿ ಬಂತು ನೋಡ್ರಿ.

ಕಲತದ್ದು ಮರತು ಗೆದ್ದ ಕಥಿ ನಿಮ್ಮದೂ ಇದ್ರ ಕೆಳಗ ಬರೀರಿ. ಸಾವಕಾಶ ಓದತೀನಿ, ಆದ್ರ ಎಲ್ಲಾ ಓದತೀನಿ.